ಫಾಸ್ಟ್ ಅರ್ಸಿ ಸಾಲು ತೋರಿಸಿದ್ದು

ಗುವಾವ್ ಊರಿಗೆ ಬಂದು ಅರ್ಸುಲಿನ್ ಟೆಲಸ್ಫರ್ಡ್ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಫಾಸ್ಟ್ ಅರ್ಸಿ’ ಎಂದು ಕೇಳಿ ನೋಡಿ, ಮೀನು ಕೊಯ್ಯುತ್ತಿರುವವಳು ಕತ್ತಿ ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಾಳೆ. ಹಾಗೆಂದು ಅರ್ಸಿ ಓಟಗಾರ್ತಿ ಎಂದುಕೊಂಡೀರಿ, ಜೋಕೆ! ಐವತ್ತರ ಹತ್ತಿರದ, ತುಂಬಿದ ಮೈಯ, ಏರು ಹತ್ತುವಾಗ ಎರಡು ಸಲ ಕೂತು ಸುಧಾರಿಸಿಕೊಳ್ಳುವ ಹೆಂಗಸು ಅವಳು. ನಮ್ಮ ಗ್ರೆನಡಾ ದ್ವೀಪದಲ್ಲಿ ಫಾಸ್ಟ್ ಎಂದರೆ ಕಾಲಿನ ಮಾತಲ್ಲ, ಮೂಗಿನ ಮಾತು. ಪಕ್ಕದ ಮನೆಯ ಒಲೆಯ ಮೇಲೇನಿದೆ, ಎದುರು ಮನೆಗೆ ಯಾರು ಬಂದರು, ಬಂದವರು ಹೋದರೋ ಇಲ್ಲವೋ ಎಂದು ಮೂಗು ತೂರಿಸುವವರಿಗೆ ನಾವು ಫಾಸ್ಟ್ ಅನ್ನುತ್ತೇವೆ.

ಅರ್ಸಿ ಹುಟ್ಟಿನಿಂದಲೇ ಹಾಗೆ. ಅವಳ ಮನೆಯ ಕಿಟಕಿಗೆ ಹೂವಿನ ಪರದೆ. ಆ ಪರದೆಯ ಒಂದು ಅಂಚು ಮಾತ್ರ ಕೈಯಾಡಿ ಕೈಯಾಡಿ ಕಪ್ಪಾಗಿತ್ತು. ಊರಿನವರು ರೇಗಿಸುತ್ತಿದ್ದರು, ಅವಳು ನಗುತ್ತಿದ್ದಳು. ನಗದೇ ಇದ್ದ ವಿಷಯ ಒಂದೇ ಒಂದಿತ್ತು. ಕೆಲವು ವರ್ಷಗಳ ಹಿಂದೆ ಅವಳ ತಮ್ಮನ ಹೆಂಡತಿ ವೆಲ್ಡಾಳ ಮಗಳು ಒಬ್ಬ ಹುಡುಗನ ಜೊತೆ ದೋಣಿಕಟ್ಟೆಯಲ್ಲಿ ಕೂತದ್ದನ್ನು ಅರ್ಸಿ ನೋಡಿದ್ದಳು. ನೋಡಿ ಸುಮ್ಮನಿರಲಿಲ್ಲ. ಜಾಯಿಕಾಯಿ ಮಂಡಿಯಲ್ಲಿ ಜಾಪತ್ರೆ ಬಿಡಿಸುವ ಹೆಂಗಸರ ಎದುರಿಗೆ ಬಾಯಿಬಿಟ್ಟಿದ್ದಳು. ಮಾತು ಸಂಜೆಯೊಳಗೆ ವೆಲ್ಡಾಳಿಗೆ ತಲುಪಿತು. ಆ ಹುಡುಗ ಹುಡುಗಿ ಆಮೇಲೆ ಮದುವೆಯಾದರು, ಮಗುವೂ ಆಯಿತು. ವೆಲ್ಡಾ ಮಾತ್ರ ಅಂದು ಅರ್ಸಿಯ ಜೊತೆ ಮಾತು ಬಿಟ್ಟವಳು ಬಿಟ್ಟೇಬಿಟ್ಟಳು. ಒಂದೇ ಓಣಿ, ಒಂದೇ ಚರ್ಚು, ಎದುರಿಗೆ ಬಂದರೆ ಆಕಾಶ ನೋಡುತ್ತಾ ದಾಟುತ್ತಿದ್ದಳು. ಅರ್ಸಿಗೆ ಅದು ಚುಚ್ಚುತ್ತಲೇ ಇತ್ತು.

ಅರ್ಸಿಗೆ ಊರಿನ ಶಿಶುಶಾಲೆಯಲ್ಲಿ ಆಯಾ ಕೆಲಸ. ಮಕ್ಕಳ ಮೂಗು ಒರೆಸುವುದು, ಲೇಸು ಕಟ್ಟುವುದು, ಅತ್ತವರನ್ನು ಎತ್ತಿಕೊಳ್ಳುವುದು. ಕಥೆ ಹೇಳುವುದು ಅವಳ ಕೆಲಸವಲ್ಲದಿದ್ದರೂ ಅವಳೇ ಹೇಳುತ್ತಿದ್ದಳು, ಯಾಕೆಂದರೆ ಟೀಚರು ಹೇಳಿದರೆ ಮಕ್ಕಳು ನಿದ್ದೆ ಹೋಗುತ್ತಿದ್ದವು. ಆ ಟೀಚರು ಆಗಸ್ಟಿನಲ್ಲಿ ಕೆಲಸ ಬಿಡುವವರಿದ್ದರು. ಜಾಗ ಅರ್ಸಿಗೇ ಸಿಗಬಹುದು, ಆದರೆ ಹೈಸ್ಕೂಲು ಮುಗಿಸುವ ಸಿಎಕ್ಸ್‌ಸಿ ಪರೀಕ್ಷೆಯಲ್ಲಿ ಇಂಗ್ಲಿಷ್ ಸಾಹಿತ್ಯ ಒಂದು ಪಾಸಾದರೆ ಮಾತ್ರ, ಉಳಿದ ಅರ್ಹತೆಯೆಲ್ಲ ಅವಳ ಹತ್ತಿರ ಇದೆ, ಎಂದು ಮೇಲಿನವರು ಹೇಳಿ ಕಳಿಸಿದರು. ಇಲ್ಲದಿದ್ದರೆ ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಯಾವಳೋ ಹುಡುಗಿ ಬರುತ್ತಾಳೆ, ಅರ್ಸಿ ಮೂಗು ಒರೆಸಿಕೊಂಡೇ ಇರಬೇಕು. ಹುಡುಗಿಯಾಗಿದ್ದಾಗ ಆ ಪರೀಕ್ಷೆಯಲ್ಲಿ ಅವಳು ಡುಮ್ಕಿ ಹೊಡೆದಿದ್ದಳು. ಈಗ ಮತ್ತೆ ಪುಸ್ತಕ ಹಿಡಿದು ಸಂಜೆ ತರಗತಿಗೆ ಸೇರಿದಳು.

ಸಂಜೆ ತರಗತಿಯ ಮೇಷ್ಟ್ರು ಆನ್ಸೆಲ್ಮ್ ರೆಡ್‌ಹೆಡ್. ಹೆಸರಿಗೆ ಕೆಂಪು ತಲೆ, ಇದ್ದದ್ದು ಬೋಳು. ಅವರ ಬಾಯಲ್ಲಿ ಒಂದೇ ಮಂತ್ರ: ಸಾಲು ತೋರಿಸು. ಕಥೆಯಲ್ಲಿ ಬರುವ ವ್ಯಕ್ತಿ ಎಂಥವರು ಎಂದು ಪ್ರಶ್ನೆ ಕೇಳಿದರೆ ಮೊದಲು ಗುಣ ಹೇಳಬೇಕು, ಆಮೇಲೆ ಆ ಗುಣ ಕಾಣುವ ಸಾಲನ್ನು ಪಾಠದಿಂದಲೇ ಎತ್ತಿ ಬರೆಯಬೇಕು, ಕೊನೆಗೆ ಆ ಸಾಲು ಆ ಗುಣವನ್ನು ಹೇಗೆ ತೋರಿಸುತ್ತದೆ ಎಂದು ಬಿಡಿಸಿ ಹೇಳಬೇಕು. ಮೂರರಲ್ಲಿ ಒಂದು ಬಿಟ್ಟರೂ ಅಂಕಕ್ಕೆ ಕತ್ತರಿ. ಆ ವ್ಯಕ್ತಿ ಮಾಡಿದ್ದು ಒಂದು ಸಾಕ್ಷಿ, ಆಡಿದ್ದು ಒಂದು ಸಾಕ್ಷಿ, ಅವರ ಬಗ್ಗೆ ಬೇರೆಯವರು ಆಡಿದ್ದೂ ಸಾಕ್ಷಿಯೇ, ಆದರೆ ಆಡಿದವರ ಹೊಟ್ಟೆಕಿಚ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಥೆಯ ಆಶಯ ಕೇಳಿದರೆ ‘ಪ್ರೀತಿ’ ಎಂದು ಒಂದು ಪದ ಬಿಸಾಡಿ ಎದ್ದು ಹೋಗುವಂತಿಲ್ಲ, ಪ್ರೀತಿಯ ಬಗ್ಗೆ ಕಥೆ ಏನನ್ನುತ್ತದೆ ಎಂದು ಹೇಳಿ, ಕಥೆಯುದ್ದಕ್ಕೂ ಅದು ನಿಲ್ಲುತ್ತದೆ ಎಂದು ತೋರಿಸಬೇಕು.

ಅರ್ಸಿಗೆ ಇದು ತಲೆಗೆ ಹತ್ತಿತು, ಅಷ್ಟೇ ಅಲ್ಲ, ತಲೆಗೇ ಏರಿತು. ನಲ್ಲಿಯ ಹತ್ತಿರ ಯಾರಾದರೂ ಇಂಥವನು ಕುಡುಕ ಅಂದರೆ, ಸಾಲು ತೋರಿಸು ಅನ್ನುವಳು. ಪಾದ್ರಿಗಳ ಪ್ರಸಂಗ ಚೆನ್ನಾಗಿತ್ತು ಅಂದರೆ, ಯಾವ ಮಾತು, ಯಾಕೆ ಅನ್ನುವಳು. ಜನ ಬೇಸತ್ತು, ಇವಳು ಬರೀ ಫಾಸ್ಟ್ ಆಗಿದ್ದಾಗಲೇ ಚೆನ್ನಾಗಿದ್ದಳು ಎಂದರು.

ಆದರೆ ಒಂದು ಕೆಟ್ಟ ಚಾಳಿ ಮಾತ್ರ ಹೋಗಲಿಲ್ಲ. ಪಾಠದ ಸಾಲು ನೆನಪಾಗದಿದ್ದರೆ ಅವಳು ಊರಿನ ಸಾಲು ಬರೆಯುತ್ತಿದ್ದಳು. ಕಥೆಯಲ್ಲಿ ಜಿಪುಣನೊಬ್ಬ ಬಂದರೆ, ನಮ್ಮ ಓಣಿಯ ಫಲಾನೆ ಅಂಗಡಿಯವನೂ ಹೀಗೆಯೇ ಎಂದು ಅರ್ಧ ಪುಟ ತುಂಬಿಸುವಳು. ಮೇಷ್ಟ್ರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಕ್ಕು ಸೊನ್ನೆ ಹಾಕುತ್ತಿದ್ದರು.

ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಒಂದು ಪೂರ್ವಪರೀಕ್ಷೆ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಬಂದವರ ಹೆಸರು ಆ ವರ್ಷ ಹೋಗುವುದಿಲ್ಲ. ತಾನು ಕಲಿಸಿದವರಿಗೆ ತಾನೇ ಅಂಕ ಹಾಕಿದರೆ ಕೈ ಸಡಿಲವಾಗುತ್ತದೆ ಎಂದು ರೆಡ್‌ಹೆಡ್ ಮೇಷ್ಟ್ರು ಉತ್ತರಪತ್ರಿಕೆಗಳನ್ನು ಮಿಸ್ ವಿಟ್ಕಂಬ್ ಕೈಗೆ ಕೊಟ್ಟರು. ಮಿಸ್ ವಿಟ್ಕಂಬ್ ಕೆನಡಾದಿಂದ ಬಂದು ಹಗಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಚಿಕ್ಕ ವಯಸ್ಸಿನ ಹೆಂಗಸು. ಬಿಸಿಲಿಗೆ ಮೂಗು ಸದಾ ಕೆಂಪು. ಬಾಡಿಗೆಗಿದ್ದದ್ದು ಸರಿಯಾಗಿ ಅರ್ಸಿಯ ಕಿಟಕಿಯ ಎದುರಿಗೆ.

ಆಕೆ ಊರಿಗೆ ಬಂದ ಹೊಸತರಲ್ಲೇ ಒಂದು ಫಜೀತಿ ಆಗಿತ್ತು. ಬಟ್ಟೆ ಒಗೆದು ತಂತಿಗೆ ಹಾಕಿ ಶಾಲೆಗೆ ಹೋಗಿದ್ದರು. ಮಧ್ಯಾಹ್ನ ಮಳೆ ಸುರಿಯಿತು. ಅರ್ಸಿ ಕಿಟಕಿಯಿಂದ ನೋಡಿದವಳೇ ಬೇಲಿ ದಾಟಿ, ಎಲ್ಲವನ್ನೂ ಬಾಚಿಕೊಂಡು ಬಂದು, ಒಳಉಡುಪು ಸಮೇತ ಮಡಿಸಿ ತನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ಮಿಸ್ ಬಂದು ನೋಡಿದರೆ ತಂತಿ ಖಾಲಿ. ಅಷ್ಟರಲ್ಲಿ ಎದುರು ಮನೆಯ ದಪ್ಪ ಹೆಂಗಸು ಮಡಿಸಿದ ಬಟ್ಟೆಯ ಮೇಲೆ ಬಿಸಿ ಜೀಗುಜ್ಜೆಯ ಬಟ್ಟಲಿಟ್ಟುಕೊಂಡು ರಸ್ತೆ ದಾಟಿ ಬಂದಳು. ಮಿಸ್‌ಗೆ ನಾಚಿಕೆಯಲ್ಲಿ ಮೂಗಿನ ಕೆಂಪು ಕಿವಿಯವರೆಗೂ ಹಬ್ಬಿತು. ಆದರೂ ಜೀಗುಜ್ಜೆ ತಿಂದರು.

ಪೂರ್ವಪರೀಕ್ಷೆಗೆ ಬಂದ ಕಥೆ ಅವರ ಪಠ್ಯದಲ್ಲಿದ್ದ ‘ಕಿಟಕಿಯ ಪಕ್ಕದ ಕುರ್ಚಿ’. ಕಥೆ ಚಿಕ್ಕದು. ಜೆಮೈಮಾ ಎಂಬ ಮುದುಕಿ, ಕೋಲೂರಿ ನಡೆಯುವವಳು, ದಿನವಿಡೀ ಪರದೆಯ ಹಿಂದೆ ಕೂತು ಪಕ್ಕದ ಲೀನಾಳ ಅಂಗಳ ನೋಡುತ್ತಿರುತ್ತಾಳೆ. ಓಣಿಯವರೆಲ್ಲ ಅವಳನ್ನು ಆಡಿಕೊಳ್ಳುತ್ತಾರೆ, ಮೀನುಗಾರ ಕಾಸ್ಮೊ ಮುಖಕ್ಕೇ ಅನ್ನುತ್ತಾನೆ. ಒಂದು ಬೆಳಿಗ್ಗೆ ಲೀನಾಳ ಒಲೆಯಿಂದ ಹೊಗೆ ಏಳುವುದಿಲ್ಲ. ಜೆಮೈಮಾ ಕೋಲೂರಿಕೊಂಡು ಹೋಗಿ ಬಾಗಿಲು ಬಡಿಯುತ್ತಾಳೆ. ಒಳಗೆ ಲೀನಾ ಜ್ವರದಲ್ಲಿ ಬಿದ್ದಿರುತ್ತಾಳೆ, ಪಕ್ಕದಲ್ಲಿ ಹಸುಗೂಸು. ಮುದುಕಿ ಕೂಗಿ ಜನ ಸೇರಿಸುತ್ತಾಳೆ. ಹುಷಾರಾದ ಮೇಲೆ ಲೀನಾ ಅಂಗಳಕ್ಕೆ ಬಂದು ಒಂದು ಕೆಲಸ ಮಾಡುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ.

ಪ್ರಶ್ನೆಗಳು ಹಲವಿದ್ದರೂ ಅರ್ಸಿಯ ಹಣೆಬರಹ ತೂಗುತ್ತಿದ್ದದ್ದು ಎರಡರ ಮೇಲೆ. ಜೆಮೈಮಾ ಎಂಥ ವ್ಯಕ್ತಿ, ಪಾಠದ ಆಧಾರ ಕೊಟ್ಟು ಬರೆಯಿರಿ. ಕಥೆಯ ಆಶಯವೇನು, ಪಾಠದ ಆಧಾರ ಕೊಟ್ಟು ಬರೆಯಿರಿ. ಮೊದಲನೆಯದನ್ನು ನೋಡಿ ಅವಳಿಗೆ ನಗು ಬಂತು. ಇದನ್ನು ನನಗೇ ಕೇಳಬೇಕೆ ಎಂದುಕೊಂಡು ಬರೆದಳು: ಜೆಮೈಮಾ ತುಂಬಾ ಫಾಸ್ಟ್. ಸಾಲು: ‘ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಅವಳು ಪರದೆಯ ಅಂಚು ಬಿಡಲಿಲ್ಲ.’ ಯಾಕೆಂದರೆ ತನ್ನ ಮನೆಯ ಒಲೆಗಿಂತ ಬೇರೆಯವರ ಅಂಗಳವೇ ಅವಳಿಗೆ ಹೆಚ್ಚು. ಮೂರೂ ಮೆಟ್ಟಿಲು ಹತ್ತಿದ್ದಳು, ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಎರಡನೆಯದಕ್ಕೆ ಬಂದಾಗ ನಗು ನಿಂತುಹೋಯಿತು. ಕಥೆಯ ಆಶಯ: ಬೇರೆಯವರ ಮನೆ ಇಣುಕುವವರಿಗೆ ಕೊನೆಗೆ ಅವಮಾನವೇ ಗತಿ. ಹಾಗೆ ಬರೆದಳು. ಆಧಾರವಾಗಿ ಒಬ್ಬಾಕೆ ದೋಣಿಕಟ್ಟೆಯಲ್ಲಿ ನೋಡಬಾರದ್ದನ್ನು ನೋಡಿದ್ದು, ಅದರಿಂದ ಸ್ವಂತ ತಮ್ಮನ ಮನೆಯ ಬಾಗಿಲೇ ಮುಚ್ಚಿದ್ದು, ಇಷ್ಟನ್ನೂ ಬರೆದಳು. ಹೆಸರು ಬರೆಯಲಿಲ್ಲ. ಬರೆಯುವಾಗ ಕಣ್ಣು ಮಂಜಾಗಿತ್ತು, ಪಾಠದಲ್ಲಿ ಏನಿತ್ತು ಎಂದು ಒಮ್ಮೆಯೂ ನೆನಪಿಸಿಕೊಳ್ಳಲಿಲ್ಲ.

ಫಲಿತಾಂಶದ ದಿನ ಅವಳ ಅಂಕ ಅರ್ಧಕ್ಕೆ ಎರಡು ಕಡಿಮೆ. ಮೊದಲ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: ಫಾಸ್ಟ್? ಆಕೆ ಕೋಲೂರಿ ನಡೆಯುವ ಮುದುಕಿ. ನೀವು ಕೊಟ್ಟ ಸಾಲಿನಲ್ಲಿ ಆಕೆ ಕುರ್ಚಿಯಿಂದ ಏಳುವುದೇ ಇಲ್ಲ. ಎರಡನೆಯದರ ಪಕ್ಕದಲ್ಲಿ ಇದ್ದದ್ದು ಒಂದೇ ಮಾತು, ಇದು ಪಾಠದಲ್ಲಿಲ್ಲ ಎಂದು.

ಅರ್ಸಿ ಬೆಂಚಿನ ಮೇಲೆ ಕುಸಿದಳು. ಆಯಾ, ಆಯಾ, ಸಾಯೋತನಕ ಆಯಾ ಎಂದು ತನಗೆ ತಾನೇ ಹೇಳಿಕೊಂಡಳು. ರೆಡ್‌ಹೆಡ್ ಮೇಷ್ಟ್ರು ಪತ್ರಿಕೆ ಇಸಿದುಕೊಂಡು ಓದಿದರು. ‘ಫಾಸ್ಟ್?’ ಎಂಬಲ್ಲಿಗೆ ಬಂದಾಗ ಬೋಳುತಲೆಯವರೆಗೂ ನಗು ಹತ್ತಿತು, ಆದರೆ ತಡೆದುಕೊಂಡರು.

“ಅರ್ಸಿ, ಇದು ನಿನ್ನ ತಪ್ಪೂ ಹೌದು,” ಎಂದರು. “ನಮ್ಮೂರ ಪದ ನಮ್ಮೂರಲ್ಲಿ ನಡೆಯತ್ತೆ. ಪೇಪರ್ ತಿದ್ದೋರು ಎಲ್ಲೋ ಕೂತಿರ್ತಾರೆ. ಅವರಿಗೆ ನೀನು ಯಾರು, ನಿನ್ನ ಓಣಿ ಯಾವುದು? ‘ಕುತೂಹಲ ಜಾಸ್ತಿ’ ಅಂತ ಬರೀಬೇಕಿತ್ತು.”

“ಹಂಗಾದ್ರೆ ಫಾಸ್ಟ್ ಅನ್ನೋದು ತಪ್ಪಾ ಸರ್?”

“ನನ್ನ ಕೇಳ್ಬೇಡ. ಅಂಕ ಹಾಕಿದೋರ ಹತ್ರ ಹೋಗು. ಹೋಗಿ ಗಲಾಟೆ ಮಾಡ್ಬೇಡ. ಸಾಲು ತೋರಿಸು.”

ಅರ್ಸಿ ದಾರಿಯುದ್ದಕ್ಕೂ ಪುಸ್ತಕ ತಿರುವುತ್ತಾ ಹೋದಳು. ಮಿಸ್ ವಿಟ್ಕಂಬ್ ಜಗುಲಿಯಲ್ಲಿ ಕೋಕೋ ಚಹಾ ಕುಡಿಯುತ್ತಾ ಕೂತಿದ್ದರು. ಅರ್ಸಿ ಮೆಟ್ಟಿಲ ಮೇಲೆ ಸುಧಾರಿಸಿಕೊಂಡು, ನಮಸ್ಕಾರವನ್ನೂ ಮರೆತು, ಪುಟದ ಮೇಲೆ ಬೆರಳಿಟ್ಟಳು. ಅಲ್ಲಿ ಕಾಸ್ಮೊ ಮೀನಿನ ಬುಟ್ಟಿ ಇಳಿಸಿ ಮುದುಕಿಗೆ ಹೇಳುತ್ತಾನೆ: ‘ಜೆಮೈಮಾ, ನೀನು ಭಾರೀ ಫಾಸ್ಟ್. ಒಂದಿನ ಆ ಕಿಟಕಿಗೇ ನಿನ್ನ ಮೂಗು ಅಂಟಿಕೊಳ್ಳುತ್ತೆ.’

ಮಿಸ್ ಓದಿದರು. ನಾನು ಈ ಸಾಲನ್ನು ಮುದುಕಿ ಬಡಬಡ ಮಾತಾಡುತ್ತಾಳೆ ಎಂದು ಅರ್ಥ ಮಾಡಿಕೊಂಡಿದ್ದೆ ಎಂದು ಒಪ್ಪಿಕೊಂಡರು. ಕಿಟಕಿಗೂ ಮೂಗಿಗೂ ವೇಗಕ್ಕೂ ಏನು ಸಂಬಂಧ ಎಂದು ತಿಳಿಯದೆ, ಇಲ್ಲಿನವರ ತಮಾಷೆ ಇರಬೇಕು ಎಂದು ಬಿಟ್ಟಿದ್ದರಂತೆ. ಆದರೂ ಟೀಚರು ಟೀಚರೇ ತಾನೆ. ಇದು ಕಾಸ್ಮೊನ ಅಭಿಪ್ರಾಯ ಮಾತ್ರವಲ್ಲವೇ, ಅವಳು ಹಾಗಿದ್ದಾಳೆ ಎಂದು ಇದೊಂದರಿಂದ ಹೇಗೆ ಹೇಳುತ್ತೀರಿ ಎಂದು ಕೇಳಿದರು. ಅರ್ಸಿ ಅದಕ್ಕೆ ತಯಾರಾಗಿಯೇ ಬಂದಿದ್ದಳು. ಕಾಸ್ಮೊ ಅಂದದ್ದು ಪದದ ಅರ್ಥಕ್ಕೆ ಸಾಕ್ಷಿ, ಅನ್ನ ಸೀದರೂ ಪರದೆ ಬಿಡದ್ದು ಅವಳೇ ಮಾಡಿದ ಕೆಲಸ, ಅದು ಗುಣಕ್ಕೆ ಸಾಕ್ಷಿ, ಅದನ್ನು ನಾನು ಬರೆದಿದ್ದೇನೆ ಎಂದಳು.

ಮಿಸ್ ಪುಸ್ತಕ ನೋಡಿದರು, ಆಮೇಲೆ ರಸ್ತೆಯಾಚೆಯ ಹೂವಿನ ಪರದೆಯನ್ನು ನೋಡಿದರು.

“ಅಂದ್ರೆ ಫಾಸ್ಟ್ ಅಂದ್ರೆ... ನಿಮ್ಮ ಹಾಗಾ?”

“ಹೌದು ಮಿಸ್, ನನ್ನ ಹಾಗೇ. ಸಾಕ್ಷಿಗೆ ನಿಮ್ಮ ಬಟ್ಟೆ ಇದೆಯಲ್ಲ.”

“ಅದು ಪಾಠದಲ್ಲಿಲ್ಲ,” ಎಂದರು ಮಿಸ್, “ಅದಕ್ಕೆ ಅಂಕ ಇಲ್ಲ.”

ಇಬ್ಬರೂ ನಕ್ಕ ನಗುವಿಗೆ ಬೇಲಿಯ ಕೋಳಿಗಳು ಚದುರಿದವು. ಮಿಸ್ ಪೆನ್ನು ತಂದು ತಮ್ಮ ‘ಫಾಸ್ಟ್?’ ಹೊಡೆದುಹಾಕಿ ಅಂಕ ಹಾಕಿದರು. ಅರ್ಧ ದಾಟಿತು. ಅರ್ಸಿಗೆ ಅಲ್ಲೇ ಕುಣಿಯಬೇಕೆನಿಸಿತು. ಮಿಸ್ ಮಾತ್ರ ಪತ್ರಿಕೆ ವಾಪಸು ಕೊಡಲಿಲ್ಲ, ಎರಡನೆಯ ಉತ್ತರದ ಮೇಲೆ ಪೆನ್ನಿಟ್ಟುಕೊಂಡೇ ಕೂತರು. ಇದಕ್ಕೆ ಅಂಕ ಕೊಡುವುದಿಲ್ಲ, ಆದರೆ ಒಂದು ವಿಷಯ ಕೇಳುತ್ತೇನೆ ಎಂದರು.

“ಜೆಮೈಮಾಗೆ ಕೊನೆಗೆ ಅವಮಾನ ಆಯ್ತು ಅಂತ ಬರೆದಿದ್ದೀರಿ. ಯಾವ ಸಾಲು?”

ಇದೇನು ಮಹಾ ಎಂದು ಅರ್ಸಿ ಪುಟ ತಿರುವಿದಳು. ಕಾಸ್ಮೊ ಆಡಿಕೊಂಡದ್ದು ಇತ್ತು, ಆದರೆ ಅದಕ್ಕೆ ಮುದುಕಿ ನಕ್ಕು ಮೀನು ಕೊಂಡಿದ್ದಳು. ಓಣಿಯವರು ಗೊಣಗಿದ್ದು ಇತ್ತು, ಅವಳ ಕಿವಿಗೆ ಅದು ಬಿದ್ದದ್ದು ಇರಲಿಲ್ಲ. ಬಾಗಿಲು ಬಡಿದದ್ದು, ಕೂಗಿದ್ದು, ಕೂಸನ್ನು ಎತ್ತಿಕೊಂಡದ್ದು, ಎಲ್ಲ ಇತ್ತು. ಅವಮಾನ ಎಲ್ಲೂ ಇಲ್ಲ. ಅವಳು ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಬೆರಳಾಡಿಸುತ್ತಾ ಬಂದಳು. ಇಷ್ಟು ವರ್ಷ ಎದೆಯೊಳಗೆ ಇಟ್ಟುಕೊಂಡಿದ್ದ ಮಾತು ಪುಸ್ತಕದಲ್ಲಿಯೂ ಇದ್ದೇ ಇರುತ್ತದೆ ಎಂದು ಅವಳು ನಂಬಿಬಿಟ್ಟಿದ್ದಳು. ಹುಡುಕುತ್ತಾ ಹುಡುಕುತ್ತಾ ಅದರ ಬದಲು ಬೇರೆ ಸಾಲೊಂದು ಕೈಗೆ ಸಿಕ್ಕಿತು: ‘ಜೆಮೈಮಾ ಎಲ್ಲವನ್ನೂ ನೋಡುತ್ತಿದ್ದಳು. ನೋಡಿದ್ದು ಯಾವುದೂ ಆ ಕಿಟಕಿಯಿಂದ ಹೊರಗೆ ಹೋಗಲಿಲ್ಲ.’

ಎಷ್ಟು ಸಲ ಓದಿದ್ದಳೋ ಈ ಕಥೆಯನ್ನು! ಈ ಸಾಲು ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಯ ಪುಟಕ್ಕೆ ಬಂದಳು. ಅಲ್ಲಿ ಹುಷಾರಾದ ಲೀನಾ ಅಂಗಳಕ್ಕೆ ಬರುತ್ತಾಳೆ, ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚುತ್ತಾಳೆ, ಮನೆಯ ಆಚೆ ಬದಿಗೆ ಒಯ್ದು ಕಟ್ಟುತ್ತಾಳೆ, ಕಿಟಕಿಗೆ ಏನೂ ಅಡ್ಡ ಬಾರದಂತೆ. ಅರ್ಸಿ ಅದನ್ನು ಗಟ್ಟಿಯಾಗಿ ಓದಿದಳು.

“ಅವಮಾನ ಎಲ್ಲೂ ಇಲ್ಲ ಮಿಸ್,” ಎಂದಳು. “ನೋಡೋದನ್ನ ಕಥೆ ತಪ್ಪು ಅನ್ನಲ್ಲ. ನೋಡೋದು ಒಂಥರ ಕಾಯೋದೇ ಅನ್ನತ್ತೆ. ಆ ಮುದುಕಿ ನೋಡಿದ್ಲು, ಯಾರಿಗೂ ಹೇಳ್ಲಿಲ್ಲ. ಹೇಳಲೇಬೇಕಾದ ದಿನ ಮಾತ್ರ ಕೂಗಿದ್ಲು. ನಾನು ನೋಡಿದೆ, ಹೇಳ್ದೆ. ನನ್ನ ತಪ್ಪು ಕಣ್ಣಲ್ಲಿರಲಿಲ್ಲ, ಬಾಯಲ್ಲಿತ್ತು.”

ಮಿಸ್‌ಗೆ ದೋಣಿಕಟ್ಟೆಯ ಕಥೆ ಯಾರದೆಂದು ಆಗ ಅರ್ಥವಾಯಿತು. ಪರೀಕ್ಷೆಯಲ್ಲಿ ಹೀಗೇ ಬರೆಯಿರಿ, ಕೊನೆಯ ಎರಡು ವಾಕ್ಯ ಬಿಟ್ಟು, ಎಂದು ಮಾತ್ರ ಹೇಳಿದರು.

ಆ ಎರಡು ವಾಕ್ಯಗಳನ್ನು ಅರ್ಸಿ ಬೇರೆ ಕಡೆ ಒಯ್ದಳು. ಅಲ್ಲಿಂದ ನೇರ ತಮ್ಮನ ಮನೆಗೆ ಹೋದಳು. ವೆಲ್ಡಾ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು, ಇವಳನ್ನು ಕಂಡೊಡನೆ ಆಕಾಶ ನೋಡಿದಳು. ಅರ್ಸಿ ನಿಂತೇ ಹೇಳಿದಳು. ನಿನ್ನ ಮಗಳನ್ನು ನೋಡಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಊರಿಗೆ ಹೇಳಿದ್ದಕ್ಕೆ ಕೇಳುತ್ತೇನೆ, ಅದು ನನ್ನ ತಪ್ಪು ಎಂದಳು. ವೆಲ್ಡಾಳ ಕಣ್ಣು ಆಕಾಶದಿಂದ ಬಟಾಣಿಗೆ ಇಳಿಯಿತು. ಅಷ್ಟಕ್ಕೇ ಅರ್ಸಿ ಮನೆಗೆ ಬಂದು ಹಾಡು ಹೇಳಿಕೊಂಡು ಅಡುಗೆ ಮಾಡಿದಳು.

ಪರೀಕ್ಷೆ ಬಂತು. ಅರ್ಸಿ ‘ಫಾಸ್ಟ್’ ಎಂದು ಬರೆಯಲಿಲ್ಲ, ಯಾವ ಊರಿನವರೇ ತಿದ್ದಲಿ ಎಂದು ಎಲ್ಲರಿಗೂ ತಿಳಿಯುವ ಪದ ಬರೆದಳು. ಓಣಿಯ ಅಂಗಡಿಯವನನ್ನು ಅಂಗಡಿಯಲ್ಲೇ ಬಿಟ್ಟಳು. ಆಗಸ್ಟಿನಲ್ಲಿ ಪಾಸಾದಳು ಎಂದು ಸುದ್ದಿ ಬಂದಾಗ ರೆಡ್‌ಹೆಡ್ ಮೇಷ್ಟ್ರು ಅವಳ ಮನೆಗೇ ಬಂದು, ಎಲ್ಲಿ, ಸಾಲು ತೋರಿಸು ಎಂದು ಫಲಿತಾಂಶದ ಹಾಳೆ ಇಸಿದುಕೊಂಡು ಓದಿ ನಕ್ಕರು.

ಸೆಪ್ಟೆಂಬರಿನಲ್ಲಿ ಶಿಶುಶಾಲೆಯ ಮೊದಲ ದಿನ, ಅರ್ಸಿ ಇಸ್ತ್ರಿ ಮಾಡಿದ ಫ್ರಾಕಿನಲ್ಲಿ ಬಾಗಿಲಲ್ಲಿ ನಿಂತಿದ್ದಳು, ಟೀಚರಾಗಿ. ಅಮ್ಮಂದಿರು ಅಜ್ಜಿಯರು ಅಳುವ ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. ಅವರ ನಡುವೆ ವೆಲ್ಡಾ ಮೊಮ್ಮಗಳ ಕೈ ಹಿಡಿದು ಬಂದಳು. ದೋಣಿಕಟ್ಟೆಯ ಹುಡುಗನ ಮಗಳು, ಅವನದೇ ಕಿವಿ. ಗೇಟಿನ ಹತ್ತಿರ ವೆಲ್ಡಾ ನಿಂತಳು. ಬೇರೆ ಹೆಂಗಸರೆಲ್ಲ ಬಾಯಿ ಮುಚ್ಚಿ ಕಿವಿ ತೆರೆದರು.

“ಈ ಊರಲ್ಲಿ ನಿನ್ನಷ್ಟು ಫಾಸ್ಟ್ ಹೆಂಗಸು ಇನ್ನೊಬ್ಬಳಿಲ್ಲ,” ಎಂದಳು ವೆಲ್ಡಾ. ಅಷ್ಟು ವರ್ಷಗಳಲ್ಲಿ ಆಡಿದ ಮೊದಲ ಮಾತು ಅದು.

ಅರ್ಸಿಯ ನಾಲಿಗೆ ತುದಿಗೆ ‘ಸಾಲು ತೋರಿಸು’ ಎಂಬುದು ಬಂದೇಬಿಟ್ಟಿತ್ತು. ಬಾಯಿ ಬಿಗಿಹಿಡಿದು ಸುಮ್ಮನೆ ನಿಂತಳು. ವೆಲ್ಡಾ ಮಗುವಿನ ಕೈಯನ್ನು ಅವಳ ಕೈಗೆ ಕೊಟ್ಟಳು.

“ಇವಳ ಮೇಲೆ ಒಂದು ಕಣ್ಣಿಟ್ಟಿರು,” ಎಂದಳು.